ಏನಾಯ್ತು ಎಂದು ಕೆದಕಬೇಡಿ: ನೆರೆಯ ನಂತರ ಮನಸ್ಸಿಗೆ ಪ್ರಥಮ ಚಿಕಿತ್ಸೆ

ಕೃಷ್ಣೆಯೋ ಮಲಪ್ರಭೆಯೋ ಉಕ್ಕಿ ಊರಿಗೆ ನುಗ್ಗಿದರೆ ಜನ ಶಾಲೆಯ ಕೋಣೆಗಳಲ್ಲಿ ತೆರೆದ ಕಾಳಜಿ ಕೇಂದ್ರ ಸೇರುತ್ತಾರೆ. ಅನ್ನ, ಚಾದರ, ಮಾತ್ರೆಗಳ ಜೊತೆಗೆ ಸ್ವಯಂಸೇವಕರೂ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಕೇಳುವ ಮೊದಲ ಪ್ರಶ್ನೆ, "ಏನಾಯ್ತು, ಎಲ್ಲಾ ಹೇಳಿ, ಮನಸ್ಸು ಹಗುರಾಗುತ್ತೆ." ತರಬೇತಿ ಮೊದಲು ಬಿಡಿಸುವುದು ಈ ಪ್ರಶ್ನೆಯನ್ನೇ.

ಕಾರಣವಿದೆ. ದುರಂತ ನಡೆದ ಕೆಲವೇ ದಿನಗಳಲ್ಲಿ ಸಂತ್ರಸ್ತರನ್ನು ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಹಲವು ದೇಶಗಳಲ್ಲಿತ್ತು. ಬ್ರಿಟನ್ನಿನಲ್ಲಿ ಸುಟ್ಟಗಾಯಗಳಾಗಿದ್ದ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ತಿಂಗಳ ನಂತರ, ಹೀಗೆ ಹೇಳಿಸಿಕೊಂಡಿದ್ದವರಲ್ಲಿ ಶೇ. 26 ಮಂದಿಗೆ ಆಘಾತೋತ್ತರ ಮಾನಸಿಕ ಕಾಯಿಲೆ ಇತ್ತು. ಹೇಳಿಸದೆ ಬಿಟ್ಟವರಲ್ಲಿ ಅದು ಶೇ. 9. ಮೊದಲ ಗುಂಪಿನವರ ಗಾಯಗಳು ಶುರುವಿನಲ್ಲೇ ಹೆಚ್ಚು ತೀವ್ರವಾಗಿದ್ದವು, ಹಾಗಾಗಿ ಪೂರಾ ದೋಷವನ್ನು ಆ ಪದ್ಧತಿಯ ಮೇಲೆ ಹೊರಿಸಲಾಗದು. ಆದರೆ ಅದರಿಂದ ಲಾಭವಿದೆ ಎಂದು ನಂತರದ ಪ್ರಯೋಗಗಳೂ ತೋರಿಸಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಕ್ಷೇತ್ರ ಕಾರ್ಯಕರ್ತರಿಗಾಗಿ ತಂದ ಕೈಪಿಡಿ ಬೇರೆ ದಾರಿ ಹಿಡಿಯಿತು. ನೋಡು, ಕೇಳಿಸಿಕೋ, ಬೇಕಾದವರ ಜೊತೆ ಸೇರಿಸು ಎಂಬ ಮೂರೇ ಹೆಜ್ಜೆ ಅದರದ್ದು.

ತರಬೇತಿಯಲ್ಲಿ ಇಬ್ಬರನ್ನು ಕೂರಿಸಿ ಆಡಿಸಬಹುದಾದ ಒಂದು ಸನ್ನಿವೇಶ ನೋಡೋಣ. ಬಾಗಲಕೋಟೆ ಕಡೆಯ ಕಾಳಜಿ ಕೇಂದ್ರ. ಗೋಡೆಗೆ ಒರಗಿ ಕೂತ ಐವತ್ತರ ಹೆಂಗಸು, ಮುಂದಿಟ್ಟ ತಾಟು ಮುಟ್ಟಿಲ್ಲ. ಸ್ವಯಂಸೇವಕಿ ಮೊದಲು ದೂರದಿಂದಲೇ ನೋಡುತ್ತಾಳೆ: ಗಾಯವಿದೆಯೇ, ಮೈಮೇಲೆ ಒಣಬಟ್ಟೆ ಇದೆಯೇ, ಜೊತೆಯಲ್ಲಿ ಯಾರಾದರೂ ಇದ್ದಾರೆಯೇ? ಆಮೇಲೆ ಹತ್ತಿರ ಹೋಗಿ, ಯಾರು, ಎಲ್ಲಿಂದ ಬಂದವಳು ಎಂದು ಹೇಳಿ, "ಇಲ್ಲೇ ಬಾಜೂಕ ಕುಂದರ್ಲೇನ್ರಿ ಅಕ್ಕಾರ?" ಎಂದು ಕೇಳುತ್ತಾಳೆ. ಸುಮ್ಮನೆ ಕೂರುತ್ತಾಳೆ.

ಸ್ವಲ್ಪ ಹೊತ್ತಿಗೆ ಆಕೆಯೇ ಬಾಯಿ ಬಿಡುತ್ತಾಳೆ: "ಎಮ್ಮಿ ಹಗ್ಗಾ ಬಿಚ್ಚಲಿಲ್ರಿ ನಾ. ಕಟ್ಟಿದಲ್ಲೇ ಹೋತು."

ಇಲ್ಲಿ ನಾಲಿಗೆ ತುದಿಗೆ ಬರುವ ಉತ್ತರಗಳೆಲ್ಲ ತಪ್ಪು. "ಅಳಬ್ಯಾಡ್ರಿ, ಜೀವಾ ಉಳದೈತಲ್ಲ" ಎಂದರೆ ಆಕೆಯ ದುಃಖ ಸಣ್ಣದೆಂದು ಹೇಳಿದಂತೆ. "ನಮ್ಮೂರಾಗೂ ಹಿಂಗ ಆಗಿತ್ರಿ" ಎಂದರೆ ಮಾತು ಇನ್ನೊಬ್ಬರ ಕಥೆಗೆ ಹೊರಳುತ್ತದೆ. "ಸರ್ಕಾರ ಪರಿಹಾರ ಕೊಟ್ಟ ಕೊಡತೈತಿ" ಎಂಬ ಮಾತು ಸ್ವಯಂಸೇವಕಿಯ ಕೈಯಲ್ಲಿಲ್ಲ. ಅದು ಸುಳ್ಳಾದರೆ ಮುಂದೆ ಬರುವ ಕಾರ್ಯಕರ್ತರನ್ನೂ ಆಕೆ ನಂಬಲಾರಳು. "ಯಾಕ್ ಬಿಚ್ಚಲಿಲ್ಲ?" ಎಂಬುದಂತೂ ವಿಚಾರಣೆ. ಒಪ್ಪಿಗೆಯಿಲ್ಲದೆ ಕೈ ಹಿಡಿಯುವುದು, ಫೋಟೊ ತೆಗೆಯುವುದು ಕೂಡ ಸಲ್ಲದು.

ಸ್ವಯಂಸೇವಕಿ ಇಷ್ಟೇ ಅನ್ನುತ್ತಾಳೆ: "ಅದನ್ನ ನೆನಸಿದ್ರ ಭಾಳ ಸಂಕಟ ಆಗತೈತಿ ಅಲ್ರಿ." ಮಾತು ನಿಂತರೆ ಮತ್ತೆ ಎಳೆಯುವುದಿಲ್ಲ. ಸ್ವಲ್ಪ ತಡೆದು, "ಈಗ ನಿಮಗ ಮೊದಲ ಏನ್ ಆಗಬೇಕ್ರಿ?" ಎಂದು ಕೇಳುತ್ತಾಳೆ. ಉತ್ತರದಲ್ಲಿ ನಾಲ್ಕು ಸಂಗತಿ ಹೊರಬರುತ್ತವೆ: ಮಗ ಬೇರೆ ಕೇಂದ್ರದಲ್ಲಿರಬಹುದು, ಫೋನು ನೀರುಪಾಲಾಗಿದೆ, ಬಿಪಿ ಗುಳಿಗೆಯೂ ಹೋಗಿದೆ, ಎಮ್ಮೆಯ ವಿಷಯ ಯಾರಿಗೆ ಹೇಳಬೇಕೋ ಗೊತ್ತಿಲ್ಲ.

ಮೂರನೆಯ ಹೆಜ್ಜೆ ಇಲ್ಲಿಂದ. ಮಗನ ನಂಬರು ಆಕೆಗೆ ಬಾಯಿಪಾಠವಿದ್ದರೆ ತನ್ನ ಫೋನಿನಿಂದ ಹಚ್ಚಿ ಕೊಡುವುದು, ಇಲ್ಲದಿದ್ದರೆ ಕೇಂದ್ರದವರ ಮೂಲಕ ಉಳಿದ ಕೇಂದ್ರಗಳ ಪಟ್ಟಿಯಲ್ಲಿ ಹುಡುಕಿಸುವುದು. ಗುಳಿಗೆಗೆ ಆರೋಗ್ಯ ಸಿಬ್ಬಂದಿಯ ಹತ್ತಿರ ಜೊತೆಯಲ್ಲೇ ಹೋಗುವುದು. ಜಾನುವಾರು ಹಾನಿಗೆ ಪಂಚನಾಮೆ ಬೇಕಾಗುವುದರಿಂದ ಕಂದಾಯ ಇಲಾಖೆಯವರು ಎಲ್ಲಿ ಸಿಗುತ್ತಾರೆಂದು ತಿಳಿದು ಹೇಳುವುದು. ಗೊತ್ತಿಲ್ಲದಿದ್ದರೆ "ಕೇಳಿ ಬರತೀನ್ರಿ" ಎಂದು ಹೇಳಿ, ನಿಜವಾಗಿಯೂ ಕೇಳಿ ಬರುವುದು. ಅಲ್ಲಿ ಮಾತಾಡಬೇಕಾದವಳು ಆಕೆಯೇ. ಎಲ್ಲವನ್ನೂ ತಾನೇ ಮಾಡಿ ಮುಗಿಸಿದರೆ ಆಕೆಯ ಕೈಯಲ್ಲಿ ಉಳಿದಿದ್ದ ಶಕ್ತಿಯನ್ನೂ ಕಿತ್ತುಕೊಂಡಂತಾಗುತ್ತದೆ.

ಅಳು, ನಿದ್ದೆಗೇಡು, ಸಿಟ್ಟು, ಮಳೆ ಸದ್ದಿಗೆ ಬೆಚ್ಚುವುದು ಮೊದಲ ವಾರಗಳಲ್ಲಿ ಸಹಜ. ಅದಕ್ಕೆ ಕಾಯಿಲೆಯ ಹೆಸರು ಹಚ್ಚಬಾರದು. ಹೆಚ್ಚಿನವರು ತಮ್ಮ ಜನ, ಸೂರು, ಕೆಲಸ ಸಿಕ್ಕಂತೆ ಚೇತರಿಸಿಕೊಳ್ಳುತ್ತಾರೆ. ಆದರೆ ಒಬ್ಬರು ಉಣ್ಣಲು, ಮಕ್ಕಳನ್ನು ನೋಡಿಕೊಳ್ಳಲೂ ಆಗದಷ್ಟು ಕುಸಿದಿದ್ದರೆ, ಎಲ್ಲಿದ್ದೇನೆಂಬ ಅರಿವು ತಪ್ಪಿದ್ದರೆ, ಸಾಯುವ ಮಾತಾಡಿದರೆ, ಅದು ಸ್ವಯಂಸೇವಕರ ಅಳತೆ ಮೀರಿದ್ದು. ಅಂಥವರನ್ನು ಒಂಟಿಯಾಗಿ ಬಿಡದೆ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಹೆತ್ತವರಿಂದ ಅಗಲಿದ ಮಗು ಸಿಕ್ಕರೆ 1098.

ಕೊನೆಗೆ, ಹೊರಡುವಾಗ ಹೇಳಿ ಹೊರಡಬೇಕು. ನಾಳೆ ಬೇರೆಯವರು ಬರುವುದಾದರೆ ಅವರನ್ನು ಪರಿಚಯಿಸಬೇಕು. ಬರಲಾಗದಿದ್ದರೆ "ನಾಳೆ ಬರತೀನಿ" ಎಂಬ ಮಾತನ್ನು ಉಪಚಾರಕ್ಕೂ ಆಡಬಾರದು.