ಕಣ್ಣಿಗೆ ಕಾಣುವ 50, ಲೆಕ್ಕಕ್ಕೆ ಸಿಗದ 50

ಕಚೇರಿ ಕೆಲಸಗಳಿಗೆ ನಡೆಯುವ ಕಂಪ್ಯೂಟರ್ ಪರೀಕ್ಷೆಗಳಲ್ಲಿ ಎಕ್ಸೆಲ್ ಹಾಳೆಯ ಫೋಟೊ ಕೊಟ್ಟು, ಕೆಳಗೊಂದು ಫಾರ್ಮುಲಾ ಬರೆದು, ಉತ್ತರ ಎಷ್ಟು ಬರುತ್ತದೆ ಎಂದು ಕೇಳುವುದುಂಟು. ಲೆಕ್ಕದಲ್ಲಿ ಚುರುಕಾಗಿರುವವರೂ ಇಲ್ಲಿ ಎಡವುತ್ತಾರೆ. ಕಾರಣ, ಅವರು ಅಂಕಿಗಳನ್ನು ಓದುತ್ತಾರೆಯೇ ಹೊರತು ಆ ಅಂಕಿ ಸೆಲ್‌ನಲ್ಲಿ ಯಾವ ರೂಪದಲ್ಲಿ ಕೂತಿದೆ ಎಂದು ನೋಡುವುದಿಲ್ಲ.

ಐದು ಮಕ್ಕಳ ಅಂಕಪಟ್ಟಿ ಎಂದುಕೊಳ್ಳಿ. B2ರಲ್ಲಿ 40, B3ರಲ್ಲಿ 60, B4ರಲ್ಲಿ 50 ಇದೆ. B5 ಖಾಲಿ, B6ರಲ್ಲಿ 0. ಪ್ರಶ್ನೆ ಇಷ್ಟೇ:

```
=AVERAGE(B2:B6)
```

ಐವರು ಇದ್ದಾರಲ್ಲ ಎಂದು 150ನ್ನು 5ರಿಂದ ಭಾಗಿಸಿದರೆ 30 ಬರುತ್ತದೆ. ಅದು ತಪ್ಪು, ಖಾಲಿ ಸೆಲ್ಲನ್ನು AVERAGE ಎಣಿಸುವುದೇ ಇಲ್ಲ. ಸೊನ್ನೆಯನ್ನು ಮಾತ್ರ ಎಣಿಸುತ್ತದೆ, ಏಕೆಂದರೆ ಸೊನ್ನೆಯೂ ಒಂದು ಅಂಕಿ. ಹಾಗಾದರೆ 150ನ್ನು 4ರಿಂದ ಭಾಗಿಸಿ 37.5 ಎನ್ನಬಹುದೇ? ಉತ್ತರ ಗುರುತಿಸುವ ಮುಂಚೆ ಫೋಟೊವನ್ನು ಇನ್ನೊಮ್ಮೆ ನೋಡಿ. 40, 60, 0 ಸೆಲ್‌ನ ಬಲ ಅಂಚಿಗೆ ಒತ್ತಿಕೊಂಡಿವೆ. 50 ಮಾತ್ರ ಎಡಕ್ಕಿದೆ, ಅದರ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನವೂ ಇದೆ. ಅಂದರೆ ಆ 50 ಸಂಖ್ಯೆಯಲ್ಲ, ಅಕ್ಷರವಾಗಿ ದಾಖಲಾದ ಪಠ್ಯ. AVERAGE ಅದನ್ನೂ ಬಿಟ್ಟುಬಿಡುತ್ತದೆ. ಉಳಿದದ್ದು ಮೂರು ಅಂಕಿ, ಮೊತ್ತ 100, ಸರಿ ಉತ್ತರ 33.33.

ಇದೇ ಹಾಳೆಯಲ್ಲಿ SUM ಕೇಳಿದರೆ 100 ಬರುತ್ತದೆ. ಆದರೆ ಪ್ಲಸ್ ಚಿಹ್ನೆ ಹಾಕಿ ಕೂಡಿಸಿದರೆ ಕಥೆಯೇ ಬೇರೆ:

```
=B2+B3+B4
```

ಇದರ ಉತ್ತರ 150. ಪ್ಲಸ್ ಚಿಹ್ನೆ ಎದುರಾದಾಗ ಎಕ್ಸೆಲ್ ಪಠ್ಯವಾಗಿರುವ 50ನ್ನು ಸಂಖ್ಯೆಯಾಗಿ ಬದಲಿಸಿಕೊಂಡು ಕೂಡುತ್ತದೆ. ಆ ಜಾಗದಲ್ಲಿ 50ರ ಬದಲು ಗೈರುಹಾಜರಿಯ AB ಇದ್ದರೆ ಬದಲಿಸಲು ಏನೂ ಇರುವುದಿಲ್ಲ, #VALUE! ಬರುತ್ತದೆ. SUM ಮಾತ್ರ ಆಗಲೂ ತಕರಾರಿಲ್ಲದೆ 100 ಕೊಡುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು ಹೋಲಿಕೆ:

```
=IF(B4>90,"Pass","Fail")
```

ಉತ್ತರ Pass! ಹೋಲಿಸುವಾಗ ಎಕ್ಸೆಲ್ ಪಠ್ಯವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದೆಂದೇ ತೆಗೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದರಿಂದ ಒಂದು ಅಂಕ ಹೋಗಬಹುದು. ಕಚೇರಿಯಲ್ಲಿ ನಿಜವಾದ ಫಲಿತಾಂಶದ ಪಟ್ಟಿಯೇ ತಪ್ಪಾಗುತ್ತದೆ, ಪರದೆಯ ಮೇಲೆ ಯಾವ ದೋಷಸೂಚನೆಯೂ ಕಾಣುವುದಿಲ್ಲ.

ಆದ್ದರಿಂದ ಆಯ್ಕೆಗಳನ್ನು ಓದುವ ಮೊದಲು ಪ್ರತಿ ಸೆಲ್ ಸಂಖ್ಯೆಯೋ, ಪಠ್ಯವೋ, ಖಾಲಿಯೋ ಎಂದು ಗುರುತು ಹಾಕಿಕೊಳ್ಳಿ. ಎಡ, ಬಲದ ಸುಳಿವಿಗೂ ಒಂದು ಮಿತಿಯಿದೆ. ಯಾರಾದರೂ ಇಡೀ ಕಾಲಂ ಅನ್ನು ನಡುವಿಗೆ ಹೊಂದಿಸಿದ್ದರೆ ಅದು ಅಳಿಸಿಹೋಗುತ್ತದೆ, ಆಗ ಹಸಿರು ತ್ರಿಕೋನವೊಂದೇ ಗತಿ. ಕಪ್ಪು ಬಿಳುಪು ಜೆರಾಕ್ಸಿನಲ್ಲಿ ಅದೂ ಮಸುಕಾಗುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರು ಅಂಥ ಚಿತ್ರ ಬಳಸುವುದಾದರೆ, B4 ಪಠ್ಯರೂಪದಲ್ಲಿದೆ ಎಂದು ಒಂದು ಸಾಲು ಮುದ್ರಿಸಲೇಬೇಕು. ಇಲ್ಲದಿದ್ದರೆ 37.5 ಎಂದು ಬರೆದ ಅಭ್ಯರ್ಥಿಯನ್ನು ತಪ್ಪೆನ್ನಲು ಅವರಿಗೆ ಅಧಿಕಾರವಿಲ್ಲ.