ಮೋಲ್ಡಿನ ಕಬ್ಬಿಣ: ತೂಕದಲ್ಲಿ ಎಷ್ಟು, ಕಂಬಿಯಲ್ಲಿ ಎಷ್ಟು?

ಅಂಗಡಿಯಲ್ಲಿ ಕಂಬಿ ಮಾರುವುದು ಕೆಜಿ ಲೆಕ್ಕದಲ್ಲಿ, ಮೋಲ್ಡಿನ ಮೇಲೆ ಕಟ್ಟುವುದು ಉದ್ದದ ಲೆಕ್ಕದಲ್ಲಿ. ಈ ಎರಡನ್ನು ಜೋಡಿಸುವ ಸೂತ್ರ ಸಣ್ಣದು: ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. ಒಂದು ಘನ ಮೀಟರ್ ಉಕ್ಕು 7850 ಕೆಜಿ ತೂಗುತ್ತದೆ. 162 ಹುಟ್ಟಿದ್ದು ಅದರಿಂದಲೇ. ಹೀಗೆ 8 ಮಿಮೀ ಕಂಬಿ ಮೀಟರಿಗೆ 0.395 ಕೆಜಿ, 10 ಮಿಮೀ ಕಂಬಿ 0.617 ಕೆಜಿ. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುವುದರಿಂದ 162ರ ಬದಲು 13.5ರಿಂದ ಭಾಗಿಸಿದರೆ ಇಡೀ ಕಂಬಿಯ ತೂಕವೇ ಬರುತ್ತದೆ: 8 ಮಿಮೀಗೆ 4.74 ಕೆಜಿ, 10 ಮಿಮೀಗೆ 7.41 ಕೆಜಿ.

ಗೋಡೆಯ ಮೇಲೆ ಕೂರುವ ಭಾಗವೂ ಸೇರಿ 7 ಮೀಟರ್ ಉದ್ದ, 3.3 ಮೀಟರ್ ಅಗಲ, 125 ಮಿಮೀ ದಪ್ಪದ ಮೋಲ್ಡೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರ ಕಾಂಕ್ರೀಟ್ ಸುಮಾರು 2.9 ಘನ ಮೀಟರ್. ಘನ ಮೀಟರಿಗೆ 80 ಕೆಜಿ ಎಂಬ ಬಾಯಿಲೆಕ್ಕದ ಪ್ರಕಾರ 230 ಕೆಜಿ ಕಬ್ಬಿಣ ಬೇಕು. ಹಣ ಹೊಂದಿಸಿಕೊಳ್ಳಲು ಈ ಅಂದಾಜು ಸಾಕು, ಕಂಬಿ ತರಿಸಲು ಸಾಲದು. ಅದಕ್ಕೆ ಎಂಜಿನಿಯರರ ನಕ್ಷೆಯನ್ನೇ ನೋಡಬೇಕು.

ಅಗಲದುದ್ದಕ್ಕೆ 10 ಮಿಮೀ ಮುಖ್ಯ ಕಂಬಿ, 150 ಮಿಮೀಗೆ ಒಂದರಂತೆ ಎಂದು ನಕ್ಷೆ ಹೇಳುತ್ತದೆ ಎಂದಿಟ್ಟುಕೊಳ್ಳಿ. ಎರಡೂ ಅಂಚಿನಲ್ಲಿ 20 ಮಿಮೀ ಕವರ್ ಬಿಟ್ಟರೆ ಉಳಿಯುವುದು 6960 ಮಿಮೀ. ಅದನ್ನು 150ರಿಂದ ಭಾಗಿಸಿದರೆ 46.4, ಅಂದರೆ 47 ಸಂದು. ಸಂದುಗಳಿಗಿಂತ ಕಂಬಿ ಯಾವಾಗಲೂ ಒಂದು ಹೆಚ್ಚು. ಆದ್ದರಿಂದ 48 ತುಂಡು. ಅವಸರದಲ್ಲಿ ಮರೆಯುವುದು ಈ ಒಂದನ್ನೇ. ಪ್ರತಿ ತುಂಡಿನ ಉದ್ದ ಕವರ್ ಕಳೆದು 3.26 ಮೀಟರ್. ಒಂದು ತುದಿಯಲ್ಲಿ ಕ್ರ್ಯಾಂಕ್ ಬಗ್ಗಿಸಿದರೆ ಇನ್ನು 3 ಸೆಂಮೀ ಸೇರಿ 3.3 ಮೀಟರ್ ಎನ್ನಬಹುದು. ಒಟ್ಟು 158.4 ಮೀಟರ್, ತೂಕ 98 ಕೆಜಿ.

ತಪ್ಪಾಗುವುದು ಇಲ್ಲೇ. 98 ಕೆಜಿಯನ್ನು 7.41ರಿಂದ ಭಾಗಿಸಿದರೆ 13.2 ಬರುತ್ತದೆ, 14 ಕಂಬಿ ಸಾಕೆನಿಸುತ್ತದೆ. ಆದರೆ 12 ಮೀಟರಿನ ಒಂದು ಕಂಬಿಯಲ್ಲಿ 3.3 ಮೀಟರಿನ ತುಂಡುಗಳು ಸಿಗುವುದು ಮೂರೇ, 2.1 ಮೀಟರ್ ಉಳಿದುಬಿಡುತ್ತದೆ. 14 ಕಂಬಿಗೆ 42 ತುಂಡಾಗುತ್ತದೆ, ಆರು ಕಡಿಮೆ. ಬೇಕಾದದ್ದು 16 ಕಂಬಿ, 118.5 ಕೆಜಿ. ಉಳಿದ ತುಂಡುಗಳನ್ನು ಜೋಡಿಸಿ ಮುಖ್ಯ ಕಂಬಿ ಮಾಡುವಂತಿಲ್ಲ, ಏಕೆಂದರೆ ಜೋಡಣೆ ಹೆಚ್ಚು ಎಳೆತ ಬೀಳುವ ನಡುಭಾಗಕ್ಕೆ ಬರುತ್ತದೆ. ಸಜ್ಜಾಕ್ಕೋ ಮತ್ತೊಂದಕ್ಕೋ ಅವು ಉಪಯೋಗವಾದೀತು.

ಉದ್ದಕ್ಕೆ ಹೋಗುವ 8 ಮಿಮೀ ಕಂಬಿಯ ಕಥೆ ಬೇರೆ. 200 ಮಿಮೀಗೆ ಒಂದರಂತೆ ಕೆಳಗೆ 18. ಕ್ರ್ಯಾಂಕ್ ಮೇಲೆದ್ದ ಎರಡೂ ಬದಿಗೆ ನಾಲ್ಕು ನಾಲ್ಕು ಎಂದರೆ ಒಟ್ಟು 26, ಒಂದೊಂದೂ 6.96 ಮೀಟರ್. ನಿವ್ವಳ ಉದ್ದ 181 ಮೀಟರ್, 71.5 ಕೆಜಿ. ಪ್ರತಿಯೊಂದಕ್ಕೂ ಹೊಸ ಕಂಬಿಯನ್ನೇ ಕತ್ತರಿಸಿದರೆ 26 ಕಂಬಿ ಬೇಕಾಗುತ್ತದೆ, 5 ಮೀಟರಿನ 26 ತುಂಡು ಮೂಲೆಗೆ ಬೀಳುತ್ತವೆ. ಈ ಕಂಬಿಗಳಲ್ಲಿ ಜೋಡಣೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ದಪ್ಪದ 50 ಪಟ್ಟು, ಅಂದರೆ 40 ಸೆಂಮೀ ಮೇಲೊಂದು ಮಲಗಿಸಿ ಕಟ್ಟಿದರೆ 5.04 ಮೀಟರಿನ ತುಂಡಿಗೆ 2.32 ಮೀಟರ್ ಸೇರಿಸಿದರಾಯಿತು. ಒಂದು ಕಂಬಿಯಿಂದ ಅಂಥ ಐದು ತುಂಡು ಬರುತ್ತವೆ. ಹಾಗಾಗಿ 13 ಕಂಬಿಯ ಜೊತೆ ಇನ್ನು 3 ಸೇರಿ 16ರಲ್ಲೇ ಕೆಲಸ ಮುಗಿಯುತ್ತದೆ. ತೂಕ 76 ಕೆಜಿ. ಜೋಡಣೆಗಳು ಮಾತ್ರ ಒಂದೇ ಸಾಲಿಗೆ ಬೀಳದೆ ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ ಬರಬೇಕು.

ಅಂಗಡಿಗೆ ಹೇಳಬೇಕಾದದ್ದು ಹೀಗೆ: 10 ಮಿಮೀ 16, 8 ಮಿಮೀ 16, ಒಟ್ಟು ಸುಮಾರು 194 ಕೆಜಿ. ಬರಿಯ 194 ಕೆಜಿ ಎಂದರೆ ಯಾವ ದಪ್ಪ ಎಷ್ಟು ಬಂದೀತೋ ಗೊತ್ತಾಗುವುದಿಲ್ಲ. ಕಟ್ಟುವ ತಂತಿ ಟನ್ನಿಗೆ ಸುಮಾರು 8ರಿಂದ 10 ಕೆಜಿ ಹಿಡಿಯುವುದರಿಂದ ಇಲ್ಲಿಗೆ 2 ಕೆಜಿ ಸಾಕು.

ಸರಕು ಬಂದಾಗ ಎಣಿಸುವುದೂ ತೂಗುವುದೂ ಎರಡೂ ಆಗಬೇಕು. ಭಾರತೀಯ ಮಾನಕ ಐಎಸ್ 1786ರ ಪ್ರಕಾರ 10 ಮಿಮೀವರೆಗಿನ ಕಂಬಿಯ ಒಟ್ಟು ಸರಕಿನ ತೂಕ ಶೇ. 7ರಷ್ಟು ಹೆಚ್ಚುಕಡಿಮೆ ಇರಬಹುದು. 10 ಮಿಮೀ ಕಂಬಿ 118.5 ಕೆಜಿಗೆ 17 ಬಂದರೆ ಒಂದೊಂದು 6.97 ಕೆಜಿ, ಮಿತಿಯೊಳಗಿದೆ. 18 ಬಂದರೆ ಒಂದೊಂದು 6.58 ಕೆಜಿ ಮಾತ್ರ, ಶೇ. 11 ಕಡಿಮೆ. ಎರಡು ಕಂಬಿ ಲಾಭವಾಯಿತೆಂದು ಖುಷಿಪಡುವಂತಿಲ್ಲ. ಪ್ರತಿ ಕಂಬಿಯೂ ಅಷ್ಟು ತೆಳ್ಳಗಿದೆ, 150 ಮಿಮೀ ಅಂತರದ ಲೆಕ್ಕ ಆ ತೆಳ್ಳನೆಯ ಕಂಬಿಗೆ ಹಾಕಿದ್ದಲ್ಲ. ಮೈಮೇಲಿನ ಏಣುಗಳಿಂದಾಗಿ ವರ್ನಿಯರ್ ಹಿಡಿದು ದಪ್ಪ ಅಳೆದರೆ ಇದು ಸಿಕ್ಕಿಬೀಳುವುದಿಲ್ಲ. ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಮಣ್ಣು ತುಕ್ಕು ಒರೆಸಿ ತೂಗಿದರೆ 617 ಗ್ರಾಮಿನ ಆಸುಪಾಸಿನಲ್ಲಿ ಇರಬೇಕು.