ಒಣಗುವ ಪರದೆ, ಜಾರದ ರಾಡ್

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಐದಡಿ ಅಗಲ, ಎಂಟಡಿ ಉದ್ದದ ಬಾತ್‌ರೂಮು ಸರ್ವೇಸಾಮಾನ್ಯ. ಬಾಗಿಲು ತೆರೆದರೆ ವಾಶ್‌ಬೇಸಿನ್, ಪಕ್ಕದಲ್ಲಿ ಕಮೋಡ್, ತುದಿಯಲ್ಲಿ ಶವರ್. ನಡುವೆ ಗಾಜಿನ ತಡೆ ಇಲ್ಲದಿದ್ದರೆ ಒಬ್ಬರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಮೋಡಿನ ಸೀಟು, ಕನ್ನಡಿ, ಕಾಲೊರೆಸುವ ಮ್ಯಾಟು ಎಲ್ಲವೂ ತೊಯ್ದಿರುತ್ತವೆ. ಗಾಜು ಹಾಕಿಸಲು ಸಾವಿರಾರು ರೂಪಾಯಿ ಬೇಕು, ಬಾಡಿಗೆ ಮನೆಯಾದರೆ ಆ ಮಾತೇ ಇಲ್ಲ. ಹಾಗಾಗಿ ರಾಡಿಗೆ ನೇತುಹಾಕುವ ಪರದೆಯೇ ಬಹುತೇಕರ ದಾರಿ.

ಅಂಗಡಿಗೆ ಹೋಗುವ ಮುನ್ನ ಒಂದು ಬಕೆಟ್ ನೀರು ಸುರಿದು ನೋಡಿ. ಶವರ್ ಕೆಳಗೆ ಸುರಿದ ನೀರು ಅಲ್ಲೇ ಮೂಲೆಯ ಜಾಲಿಗೆ ಹೋದರೆ ಪರದೆ ಕೆಲಸ ಮಾಡುತ್ತದೆ. ನೆಲದ ವಾಟ ಕಮೋಡಿನ ಕಡೆಗಿದ್ದು ಜಾಲಿಯೂ ಅಲ್ಲೇ ಇದ್ದರೆ, ಪರದೆ ಗೋಡೆಗೆ ಹಾರುವ ಹನಿಗಳನ್ನಷ್ಟೇ ತಡೆದೀತು, ನೆಲ ಮಾತ್ರ ಮೊದಲಿನಂತೆಯೇ ಒದ್ದೆ. ವಿದೇಶದ ಬಾತ್‌ರೂಮುಗಳಲ್ಲಿ ಪರದೆಯ ತುದಿ ಟಬ್ಬಿನೊಳಗೆ ಇಳಿಯುತ್ತದೆ. ನಮ್ಮಲ್ಲಿ ಟಬ್ಬಿಲ್ಲ, ಪರದೆಯ ಕೆಳಗೆ ಹರಿಯುವ ನೀರನ್ನು ವಾಟವೇ ಹಿಡಿಯಬೇಕು, ಇಲ್ಲವೇ ಗ್ರಾನೈಟಿನ ಸಣ್ಣ ಹೊಸ್ತಿಲು ಹಿಡಿಯಬೇಕು.

ರಾಡ್‌ಗಳಲ್ಲಿ ಎರಡು ಬಗೆ. ಒಂದು, ಒಳಗೆ ಸ್ಪ್ರಿಂಗ್ ಇರುವ ಟೆನ್ಷನ್ ರಾಡ್. ಒಂದರೊಳಗೊಂದು ಸೇರುವ ಎರಡು ಕೊಳವೆಗಳು, ಎರಡೂ ತುದಿಗೆ ರಬ್ಬರ್ ಟೋಪಿ. ಗೋಡೆಯಿಂದ ಗೋಡೆಗೆ ಒತ್ತಿ ನಿಲ್ಲಿಸಿದರಾಯಿತು, ಮೊಳೆ, ಸ್ಕ್ರೂ ಏನೂ ಬೇಡ. ಇನ್ನೊಂದು, ಗೋಡೆ ಕೊರೆದು ಎರಡೂ ಬದಿಗೆ ಬಿಲ್ಲೆ ಕೂರಿಸಿ ನಿಲ್ಲಿಸುವ ರಾಡ್.

ಟೆನ್ಷನ್ ರಾಡನ್ನು ಹಿಡಿದಿಡುವುದು ರಬ್ಬರ್ ಮತ್ತು ಟೈಲ್ಸ್ ನಡುವಿನ ಘರ್ಷಣೆ ಮಾತ್ರ. ನುಣುಪು ಟೈಲ್ಸ್ ಮೇಲೆ ಸೋಪಿನ ತೆಳು ಪದರ ಕೂತರೆ ಆ ಹಿಡಿತ ಸಡಿಲ. ಆದ್ದರಿಂದ ಗೋಡೆಯನ್ನು ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ರಾಡ್ ಕೂರಿಸಬೇಕು. ಗೋಡೆಗಳ ಅಂತರಕ್ಕಿಂತ ಒಂದಿಂಚಿನಷ್ಟು ಉದ್ದ ಬಿಟ್ಟು, ಸ್ಪ್ರಿಂಗನ್ನು ಅದುಮಿ, ನೇರವಾಗಿ ಒಳಗೆ ತೂರಿಸಬೇಕು. ಬಲ ಹೆಚ್ಚಿದಷ್ಟೂ ಒಳ್ಳೆಯದೆಂದು ತಿರುಗಿಸುತ್ತಲೇ ಹೋಗಬೇಡಿ. ಆ ಜಾಗದ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಸಿಮೆಂಟ್ ತುಂಬಿಲ್ಲವೆಂದರ್ಥ, ಒತ್ತಡಕ್ಕೆ ಬಿರುಕು ಬಿಡಬಹುದು. ಕೂರಿಸಿದ ಮೇಲೆ ರಬ್ಬರ್ ಟೋಪಿಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ವಾರದ ನಂತರ ಟೋಪಿ ಗೆರೆಗಿಂತ ಕೆಳಗಿದ್ದರೆ, ರಾಡ್ ಒಂದಲ್ಲ ಒಂದು ದಿನ ತಲೆಯ ಮೇಲೆ ಬೀಳುವುದು ಖಂಡಿತ.

ನಾಲ್ಕಡಿಯವರೆಗೆ ಟೆನ್ಷನ್ ರಾಡ್ ನೆಮ್ಮದಿಯಾಗಿ ನಿಲ್ಲುತ್ತದೆ. ಐದಡಿಗೆ ಬಂದಾಗ ಸಂಕಟ ಶುರು. ಕೊಳವೆಯನ್ನು ಹೆಚ್ಚು ಎಳೆದಷ್ಟೂ ಒಂದರೊಳಗೊಂದು ಉಳಿಯುವ ಭಾಗ ಕಮ್ಮಿಯಾಗಿ, ನೆನೆದ ಪರದೆಯ ಭಾರಕ್ಕೆ ನಡು ಬಾಗುತ್ತದೆ. ರಾಡ್ ಬಾಗಿದರೆ ರಿಂಗುಗಳೆಲ್ಲ ಜಾರಿ ನಡುವಿಗೆ ಬಂದು ಗುಂಪಾಗುತ್ತವೆ, ಪರದೆ ಮಡಿಕೆ ಮಡಿಕೆಯಾಗಿ ನಿಲ್ಲುತ್ತದೆ. ಆ ಮಡಿಕೆಯೊಳಗೆ ಗಾಳಿಯಾಡುವುದಿಲ್ಲ. ಬೂಷ್ಟು ಹುಟ್ಟುವುದು ಅಲ್ಲೇ. ಬೂಷ್ಟಿಗೆ ಪರದೆಯ ಬಟ್ಟೆಯನ್ನೇ ಬೈಯುತ್ತೇವೆ, ಎಷ್ಟೋ ಸಲ ತಪ್ಪು ರಾಡಿನದು.

ಹೀಗಾಗಿ ಐದಡಿ ಬಾತ್‌ರೂಮಿಗೆ, ಸ್ವಂತ ಮನೆಯಾದರೆ, ಕೊರೆದು ಕೂರಿಸುವ ರಾಡೇ ಸರಿ ಎಂದು ನನ್ನ ಅಭಿಪ್ರಾಯ. ಪರದೆ ಆರೂವರೆ ಅಡಿ, ಅಂದರೆ ಸುಮಾರು 200 ಸೆಂಟಿಮೀಟರ್ ಉದ್ದದ್ದು ಎಂದಿಟ್ಟುಕೊಳ್ಳೋಣ. ರಿಂಗಿಗೆ 4 ಸೆಂಟಿಮೀಟರ್, ನೆಲದಿಂದ ಮೇಲೆ ಬಿಡಬೇಕಾದ ಜಾಗ 3 ಸೆಂಟಿಮೀಟರ್. ರಾಡಿನ ಎತ್ತರ 207 ಸೆಂಟಿಮೀಟರ್ ಆಯಿತು. ಅಲ್ಲಿ ಗುರುತು ಹಾಕಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸ್ ಕೊರೆಯುವ ಬಿಟ್‌ನಿಂದ ನಿಧಾನಕ್ಕೆ ಕೊರೆಯಬೇಕು. ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಟೈಲ್ಸ್ ದಾಟುವವರೆಗೆ ಒತ್ತಬಾರದು, ಒತ್ತಿದರೆ ಟೈಲ್ಸ್ ಸೀಳುತ್ತದೆ. ಶವರ್ ನಲ್ಲಿಯಿಂದ ನೇರ ಮೇಲಕ್ಕೆ, ಗೀಸರಿನಿಂದ ನೇರ ಕೆಳಕ್ಕೆ ಗೋಡೆಯೊಳಗೆ ಪೈಪು ಹೋಗಿರುತ್ತದೆ. ಆ ಸಾಲಿನಲ್ಲಿ ಡ್ರಿಲ್ ಇಡಲೇಬೇಡಿ. ರಂಧ್ರಕ್ಕೆ ಪ್ಲಾಸ್ಟಿಕ್ ಗಿಟ್ಟಿ ಹೊಡೆಯುವ ಮುನ್ನ ಒಂದಿಷ್ಟು ಸಿಲಿಕಾನ್ ತುಂಬಿದರೆ ಗೋಡೆಯೊಳಗೆ ನೀರು ಇಳಿಯುವುದಿಲ್ಲ.

ರಾಡಿನ ಲೋಹದ ಬಗ್ಗೆಯೂ ಗಮನ ಇರಲಿ. ಸ್ಟೀಲ್ ಕೊಳ್ಳುವಾಗ 304 ಎಂದು ಕೇಳಿ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಹೊಳಪು ಲೇಪಿಸಿದ ಕಬ್ಬಿಣದ ರಾಡ್ ಬೇಗನೆ ತುಕ್ಕು ಕಾರಿ ಪರದೆಯ ಮೇಲ್ಗಡೆ ಕಂದು ಕಲೆ ಮಾಡುತ್ತದೆ. ಅಯಸ್ಕಾಂತ ಬಲವಾಗಿ ಅಂಟಿದರೆ ಅದು 304 ಅಲ್ಲ. ಅಂಟದಿದ್ದರೂ 304 ಎನ್ನಲಾಗದು, ಕಡಿಮೆ ದರ್ಜೆಯ 202 ಸ್ಟೀಲಿಗೂ ಅದು ಅಂಟುವುದಿಲ್ಲ. ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ವಾಸಿ.

ಇನ್ನು ಪರದೆ. ಪಿವಿಸಿ ಪ್ಲಾಸ್ಟಿಕ್ ಅಗ್ಗ, ಆದರೆ ಹೊಸತರಲ್ಲಿ ವಾಸನೆ. ಪಾಲಿಯೆಸ್ಟರ್ ಬಟ್ಟೆ ವಾಶಿಂಗ್ ಮೆಷಿನ್ನಿಗೆ ಹಾಕಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನ ಮತ ಅದಕ್ಕೆ. ಕಿಟಕಿ ಪರದೆಯ ಹಾಗೆ ಎರಡರಷ್ಟು ಅಗಲ ಬೇಡ. ಐದಡಿಗೆ ಆರಡಿ ಪರದೆ ಸಾಕು, ನೆರಿಗೆ ಕಮ್ಮಿಯಿದ್ದಷ್ಟೂ ಬೇಗ ಒಣಗುತ್ತದೆ. ಕೆಳ ಅಂಚಿನಲ್ಲಿ ಭಾರ ಹೊಲಿದಿರುವುದನ್ನೇ ಆರಿಸಿ. ಶವರ್ ಬಿಟ್ಟೊಡನೆ ಹಗುರ ಪರದೆ ಒಳಕ್ಕೆ ಬಾಗಿ ಮೈಗೆ ಅಂಟಿಕೊಳ್ಳುತ್ತದಲ್ಲ, ಅದೇಕೆಂದು ಲೆಕ್ಕ ಹಾಕಿದ್ದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಶ್ಮಿಟ್ ಅವರಿಗೆ 2001ರಲ್ಲಿ ಇಗ್ ನೊಬೆಲ್ ಬಂತು. ಹನಿಗಳ ಓಟಕ್ಕೆ ಒಳಗೆ ಗಾಳಿಯ ಸುಳಿ ಎದ್ದು, ಅದರ ನಡುವೆ ಒತ್ತಡ ಕುಸಿಯುತ್ತದೆ ಎಂಬುದು ಅವರ ಉತ್ತರ.

ಬೂಷ್ಟಿನ ಬೀಜಕಣ ಗಾಳಿಯಲ್ಲಿ ಸದಾ ಇರುತ್ತದೆ, ಅದನ್ನು ತಡೆಯಲಾಗದು. ಅದಕ್ಕೆ ಬೇಕಾದ ತೇವ ಮತ್ತು ಆಹಾರವನ್ನು ತಪ್ಪಿಸಬಹುದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಸುಣ್ಣದೊಂದಿಗೆ ಸೇರಿ ಬಿಳಿ ಜಿಡ್ಡಾಗುತ್ತದೆ. ಆ ಜಿಡ್ಡು, ಮೈಯ ಎಣ್ಣೆ, ಇವೇ ಬೂಷ್ಟಿನ ಊಟ. ಕೆಳ ಅಂಚು ಮೊದಲು ಕಪ್ಪಾಗುವುದು ನೀರೂ ಜಿಡ್ಡೂ ಅಲ್ಲಿಗೇ ಇಳಿಯುವುದರಿಂದ. ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಬೂಷ್ಟಲ್ಲ, ಸಾಮಾನ್ಯವಾಗಿ ಸೆರೇಶಿಯಾ ಎಂಬ ಬ್ಯಾಕ್ಟೀರಿಯಾ. ಉಜ್ಜಿದರೆ ಸುಲಭವಾಗಿ ಹೋಗುತ್ತದೆ.

ಸ್ನಾನವಾದ ಮೇಲೆ ಪರದೆಯನ್ನು ಒಂದು ಬದಿಗೆ ಒತ್ತರಿಸಿಡುವುದು ಎಲ್ಲರ ರೂಢಿ. ಆಗಬೇಕಾದ್ದು ಅದಕ್ಕೆ ಉಲ್ಟಾ. ಕೆಳ ಅಂಚನ್ನೊಮ್ಮೆ ಕೊಡವಿ, ರಿಂಗುಗಳನ್ನು ಸಮನಾಗಿ ಹರಡಿ, ಪರದೆಯನ್ನು ಪೂರ್ತಿ ಬಿಡಿಸಿಡಿ. ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ. ಬಾಗಿಲನ್ನು ಸ್ವಲ್ಪ ತೆರೆದಿಡಿ, ಹೊರಗಿನ ಗಾಳಿ ಒಳಬರದಿದ್ದರೆ ಫ್ಯಾನ್ ಸುಮ್ಮನೆ ಸದ್ದು ಮಾಡುತ್ತದೆ. ತಿಂಗಳಿಗೊಮ್ಮೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಸೋಪಿನ ಪುಡಿ ಹಾಕಿ ಉಗುರುಬೆಚ್ಚನೆ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಕಪ್ಪು ಚುಕ್ಕೆ ಬಿದ್ದ ಬಿಳಿ ಪರದೆಗೆ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ ತೊಳೆಯಬಹುದು. ಬಣ್ಣದ ಪರದೆಗೆ ಬೇಡ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ವಿನೆಗರನ್ನಾಗಲಿ ಯಾವ ಕಾರಣಕ್ಕೂ ಸೇರಿಸಬೇಡಿ. ಏಳುವ ಕ್ಲೋರಿನ್ ಅನಿಲ ಆ ಸಣ್ಣ ಕೋಣೆಯಲ್ಲಿ ಶ್ವಾಸಕೋಶವನ್ನೇ ಸುಡುತ್ತದೆ. ಎರಡು ಸಲ ಒಗೆದರೂ ಚುಕ್ಕೆ ಹೋಗದಿದ್ದರೆ ಇನ್ನು ಉಜ್ಜುತ್ತಾ ಕೂರಬೇಡಿ. ರಾಡು, ರಿಂಗು ಹಾಗೇ ಇರಲಿ, ಪರದೆಯನ್ನಷ್ಟೇ ಹೊಸದು ತನ್ನಿ.